ಕಳಪೆ ಕೆಲಸದ ಗುತ್ತಿಗೆದಾರನನ್ನು ಬಿಡಿಸುವಾಗ ದುರಸ್ತಿ ಖರ್ಚಿನ ಹಕ್ಕನ್ನು ಉಳಿಸಿಕೊಳ್ಳುವುದು

ನಮ್ಮ ಗಡಿ ಊರುಗಳಲ್ಲಿ ಮನೆ ಕಟ್ಟಿಸುವವರು ಒಂದು ರಾಜ್ಯದಲ್ಲಿ, ಕಟ್ಟುವವರು ಇನ್ನೊಂದು ರಾಜ್ಯದಲ್ಲಿ ಇರುವುದು ಹೊಸದೇನಲ್ಲ. ಹೊಸೂರಿನ ನಿವೇಶನಕ್ಕೆ ಆನೇಕಲ್ಲಿನಿಂದ, ತಾಳವಾಡಿಗೆ ಚಾಮರಾಜನಗರದಿಂದ, ಕಾಸರಗೋಡಿಗೆ ಮಂಗಳೂರಿನಿಂದ ಗುತ್ತಿಗೆದಾರರು ಬರುತ್ತಾರೆ. ಸೋಲಾಪುರದ ಕಡೆ ಠೇಕೇದಾರ ಅನ್ನಿ, ಇನ್ನೊಂದು ಕಡೆ ಮೇಸ್ತ್ರಿ ಅನ್ನಿ, ಮಾತು ಕೊಡುವುದು ಮಾತ್ರ ಎಲ್ಲ ಕಡೆ ಒಂದೇ ತರಹ. ಕೆಲಸ ಕೆಟ್ಟಾಗ ಮನೆಯವರು ಮಾಡುವುದೂ ಬಹುಮಟ್ಟಿಗೆ ಒಂದೇ. ಸೈಟಿನಲ್ಲಿ ಜಗಳವಾಗುತ್ತದೆ, "ನಾಳೆಯಿಂದ ಬರಬೇಡಿ" ಎನ್ನುತ್ತಾರೆ. ಇನ್ನೊಬ್ಬರನ್ನು ಕರೆಸಿ ಒಡೆಸಿ ಸರಿಮಾಡಿಸುತ್ತಾರೆ. ಆಮೇಲೆ ಆದ ಖರ್ಚನ್ನು ಮೊದಲಿನವರಿಂದ ವಸೂಲಿ ಮಾಡಲು ವಕೀಲರ ಬಳಿ ಹೋಗುತ್ತಾರೆ. ಅಷ್ಟು ಹೊತ್ತಿಗೆ ಕೆಟ್ಟ ಕೆಲಸ ಒಡೆದು ಹೋಗಿರುತ್ತದೆ, ಅದು ಕೆಟ್ಟಿತ್ತು ಎಂಬುದಕ್ಕೆ ಆಧಾರವೂ ಅದರ ಜೊತೆಗೇ ಹೋಗಿರುತ್ತದೆ.

ಗುತ್ತಿಗೆ ಕೊನೆಗೊಳಿಸುವ ಹಕ್ಕು ಮತ್ತು ದುರಸ್ತಿ ಖರ್ಚು ಕೇಳುವ ಹಕ್ಕು ಬೇರೆ ಬೇರೆ. ಮೊದಲನೆಯದನ್ನು ತಪ್ಪಾಗಿ ಚಲಾಯಿಸಿದರೆ ಎರಡನೆಯದು ಕೈತಪ್ಪಬಹುದು. ಎರಡನ್ನೂ ಉಳಿಸಿಕೊಳ್ಳುವ ದಾರಿಯನ್ನು ಒಂದು ಕಲ್ಪಿತ ಮನೆಯ ಲೆಕ್ಕದೊಂದಿಗೆ ಇಲ್ಲಿ ವಿವರಿಸಿದೆ. ಈ ಮನೆ ನಮ್ಮ ಯಾವ ಸದಸ್ಯರದ್ದೂ ಅಲ್ಲ.

ಉದಾಹರಣೆಯ ಮನೆ

ಹೊಸೂರಿನಲ್ಲಿ 1,200 ಚದರ ಅಡಿಯ ಒಂದು ಅಂತಸ್ತಿನ ಮನೆ. ಸಾಮಗ್ರಿ ಸಹಿತ ಚದರ ಅಡಿಗೆ 2,500 ರೂಪಾಯಿಯಂತೆ ಒಟ್ಟು 30,00,000 ರೂಪಾಯಿಗೆ ಬರವಣಿಗೆಯ ಕರಾರು. ಗುತ್ತಿಗೆದಾರರು ಆನೇಕಲ್ಲಿನವರು. ತಾರಸಿ ಬೀಳುವ ಹೊತ್ತಿಗೆ ಮನೆಯವರು 17,00,000 ಕೊಟ್ಟಿದ್ದಾರೆ. ತಾರಸಿಯನ್ನು ಎರಡು ದಿನ ಎರಡು ಭಾಗವಾಗಿ ಹಾಕಿದರು. ಸೆಂಟ್ರಿಂಗ್ ಬಿಚ್ಚಿದಾಗ ಎರಡನೇ ಭಾಗದಲ್ಲಿ, ಅಂದರೆ ಹಾಲ್ ಮತ್ತು ಜಗಲಿಯ ಮೇಲಿನ ಸುಮಾರು 500 ಚದರ ಅಡಿಯಲ್ಲಿ, ತೊಲೆಗಳ ಅಡಿಭಾಗ ಜೇನುಗೂಡಿನಂತೆ ತೂತುತೂತಾಗಿ ಕಬ್ಬಿಣ ಹೊರಗೆ ಕಾಣುತ್ತಿತ್ತು. ಹಾಲಿನ ಪೂರ್ವದ ಗೋಡೆಗೆ ತೂಗುಗುಂಡು ಹಿಡಿದರೆ ಹತ್ತು ಅಡಿ ಎತ್ತರಕ್ಕೆ ಒಂದು ಅಂಗುಲಕ್ಕಿಂತ ಹೆಚ್ಚು ವಾಲಿತ್ತು. ಮಾರನೆಯ ದಿನವೇ ಕೆಲಸದವರು ತೂತುಗಳಿಗೆ ಸಿಮೆಂಟ್ ಗಾರೆ ಮೆತ್ತಲು ಬಂದರು.

ಮೆತ್ತುವ ಆ ಕೆಲಸವನ್ನು ನಿಲ್ಲಿಸುವುದೇ ಮೊದಲ ಹೆಜ್ಜೆ. ಗುತ್ತಿಗೆದಾರರನ್ನು ಓಡಿಸುವುದಲ್ಲ, ಮೆತ್ತುವುದನ್ನು ಮಾತ್ರ ನಿಲ್ಲಿಸುವುದು. ಒಮ್ಮೆ ಗಾರೆ ಬಿತ್ತೆಂದರೆ ಒಳಗೆ ಏನಿತ್ತು ಎಂಬುದು ವಾದದ ಮಾತಾಗುತ್ತದೆ. ಅದೇ ದಿನ ಫೋಟೋ ತೆಗೆಯಿರಿ. ಪ್ರತಿ ದೋಷದ ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಹತ್ತಿರದಿಂದ ಒಂದು, ಯಾವ ಕೋಣೆಯ ಯಾವ ಮೂಲೆ ಎಂದು ತಿಳಿಯುವಂತೆ ದೂರದಿಂದ ಒಂದು. ಫೋನಿನ ಫೋಟೋ, ವಾಟ್ಸಾಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಆ ಫೋನನ್ನು ಮಾರಬೇಡಿ, ಫೋಟೋವನ್ನು ಕತ್ತರಿಸಿ ತಿದ್ದಬೇಡಿ, ಮೂಲ ಕಡತ ಹಾಗೇ ಇರಲಿ.

ತಾರಸಿ ಬೀಳುವ ಅಪಾಯವಿದ್ದರೆ ಕಾಯಬೇಕಾಗಿಲ್ಲ. ಕೂಡಲೇ ಕೆಳಗೆ ಆಸರೆ ಕೊಡಿಸಿ, ಯಾಕೆ ಕೊಡಿಸಿದಿರಿ ಎಂದು ಅದೇ ದಿನ ಗುತ್ತಿಗೆದಾರರಿಗೆ ಬರೆದು ತಿಳಿಸಿ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಮನೆಯವರ ಹೊಣೆಯೂ ಹೌದು. ಅದರಿಂದ ಹಕ್ಕು ಹೋಗುವುದಿಲ್ಲ.

ಯಾವ ದೋಷಕ್ಕೆ ಬಿಡಿಸಬಹುದು

ಭಾರತೀಯ ಕರಾರು ಕಾಯ್ದೆ 1872ರದ್ದು, ಗಡಿಯ ಎರಡೂ ಕಡೆಗೆ ಒಂದೇ. ಒಂದು ಪಕ್ಷ ತನ್ನ ಪಾಲಿನ ಕೆಲಸವನ್ನು ಪೂರ್ತಿಯಾಗಿ ಮಾಡಲು ಒಪ್ಪದಿದ್ದರೆ, ಇಲ್ಲವೇ ತನ್ನಿಂದ ಆಗದಂತೆ ಮಾಡಿಕೊಂಡರೆ ಇನ್ನೊಂದು ಪಕ್ಷ ಕರಾರನ್ನು ಕೊನೆಗೊಳಿಸಬಹುದು ಎಂದು 39ನೇ ಕಲಮು ಹೇಳುತ್ತದೆ. ಹೀಗೆ ನ್ಯಾಯವಾಗಿ ಕೊನೆಗೊಳಿಸಿದವರು ತಮಗಾದ ನಷ್ಟವನ್ನೂ ಕೇಳಬಹುದು ಎಂದು 75ನೇ ಕಲಮಿನಲ್ಲಿದೆ. ಅಲ್ಲಿ 'ನ್ಯಾಯವಾಗಿ' ಎಂಬ ಮಾತಿಗೆ ತೂಕವಿದೆ. ಬಾಗಿಲಿನ ಚೌಕಟ್ಟು ಸ್ವಲ್ಪ ಓರೆಯಾದರೆ, ಟೈಲ್ಸ್ ಸಂದು ಸರಿಯಾಗಿ ಕೂರದಿದ್ದರೆ ಸರಿಮಾಡಿಸುವ ಖರ್ಚು ಕೇಳಬಹುದೇ ಹೊರತು ಅದಕ್ಕಾಗಿ ಇಡೀ ಗುತ್ತಿಗೆಯನ್ನು ಮುರಿಯಲಾಗದು. ಮುರಿದರೆ ತಪ್ಪಿತಸ್ಥರು ನೀವೇ ಆಗುತ್ತೀರಿ. ಅದೇ ಕಾಯ್ದೆಯ 53ನೇ ಕಲಮಿನಂತೆ, ಕೆಲಸ ಮಾಡಲು ಬಿಡದೆ ತಡೆದವರಿಂದ ಪರಿಹಾರ ಕೇಳುವ ಹಕ್ಕು ಗುತ್ತಿಗೆದಾರರಿಗೇ ಬರುತ್ತದೆ. ಸೈಟಿಗೆ ಬೀಗ ಹಾಕಿ ಕಳಿಸಿದ ಮನೆಯವರು ಅನೇಕ ಸಲ ಸಿಕ್ಕಿಬೀಳುವುದು ಇಲ್ಲಿಯೇ.

ತಾರಸಿ, ತೊಲೆ, ಅಡಿಪಾಯ, ಕಂಬ ಮುಂತಾದ ಭಾರ ಹೊರುವ ಭಾಗ ಕರಾರಿನ ಮಟ್ಟಕ್ಕಿಂತ ಸ್ಪಷ್ಟವಾಗಿ ಕೆಳಗಿದ್ದು, ತೋರಿಸಿಕೊಟ್ಟ ಮೇಲೂ ಸರಿಮಾಡಲು ಒಪ್ಪದಿದ್ದರೆ ಮಾತು ಬೇರೆ. ಆಗ ಕರಾರಿನ ಬುಡವೇ ಅಲುಗಾಡಿದಂತೆ. ಆದರೆ ನಿಮ್ಮ ಕರಾರಿನಲ್ಲಿಯೇ ಗುತ್ತಿಗೆ ಕೊನೆಗೊಳಿಸುವ ಕಲಮು ಇದ್ದರೆ, ಇಷ್ಟು ದಿನದ ನೋಟಿಸು, ಇಂಥವರ ಮೂಲಕ, ಈ ವಿಳಾಸಕ್ಕೆ ಎಂದಿದ್ದರೆ, ಅದನ್ನು ಅಕ್ಷರಶಃ ಪಾಲಿಸಿ. 14 ದಿನ ಎಂದಿದ್ದಲ್ಲಿ 10ನೇ ದಿನ ಬಿಡಿಸಿದರೆ, ಉಳಿದದ್ದೆಲ್ಲ ಸರಿಯಿದ್ದರೂ ಆ ನಾಲ್ಕು ದಿನ ನಿಮ್ಮ ಕಾಲಿಗೆ ತೊಡರುತ್ತದೆ.

ಕಣ್ಣಿಗೆ ಕಂಡದ್ದು ಸಾಲದು, ಅಳತೆ ಬೇಕು

ಈ ಹಂತದಲ್ಲಿ ಬೇಕಾದವರು ಸ್ವತಂತ್ರ ಸಿವಿಲ್ ಎಂಜಿನಿಯರ್. ಮುಂದೆ ದುರಸ್ತಿ ಕೆಲಸ ಪಡೆಯಲಿರುವವರಿಂದಲೇ ವರದಿ ಬರೆಸಬೇಡಿ. ಕೆಲಸದ ಆಸೆಗೆ ಬರೆದ ವರದಿ ಎಂದು ಎದುರಿನ ವಕೀಲರು ಹೇಳದೆ ಬಿಡುವುದಿಲ್ಲ. ಎಂಜಿನಿಯರ್ ಬರುವ ದಿನ, ಹೊತ್ತನ್ನು ಗುತ್ತಿಗೆದಾರರಿಗೆ ಕಡೇಪಕ್ಷ ಮೂರು ನಾಲ್ಕು ದಿನ ಮೊದಲು ಬರೆದು ತಿಳಿಸಿ, ಹಾಜರಿರಲು ಕರೆಯಿರಿ. ಬಂದರೆ ಅವರ ಎದುರಿಗೇ ಅಳತೆಯಾಗುತ್ತದೆ. ಬಾರದಿದ್ದರೆ ಕರೆದ ದಾಖಲೆ ಉಳಿಯುತ್ತದೆ.

ನಮ್ಮ ಉದಾಹರಣೆಯಲ್ಲಿ ಕರಾರಿನ ಪ್ರಕಾರ ತಾರಸಿ 5 ಅಂಗುಲ ದಪ್ಪ, ಕಾಂಕ್ರೀಟು ಎಂ20. ಎಂ20 ಎಂದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳುವ ಕಾಂಕ್ರೀಟು. ಎಂಜಿನಿಯರ್ ಮೂರು ಕಡೆ ಸಣ್ಣ ತೂತು ಕೊರೆಸಿ ದಪ್ಪ ನೋಡಿದರು. 4, ನಾಲ್ಕೂಕಾಲು, ನಾಲ್ಕೂವರೆ ಅಂಗುಲ ಸಿಕ್ಕಿತು. ಕಾಂಕ್ರೀಟಿನ ಬಲ ತಿಳಿಯಲು ಪ್ರಯೋಗಾಲಯದವರಿಂದ ಮೂರು ಕೋರ್ ತೆಗೆಸಿದರು. ಕೋರ್ ಎಂದರೆ ಗಟ್ಟಿಯಾದ ಕಾಂಕ್ರೀಟಿನಿಂದ ಯಂತ್ರದಲ್ಲಿ ಕೊರೆದು ತೆಗೆದ ದುಂಡನೆಯ ತುಂಡು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕನಿಷ್ಠ ಮೂರು ಕೋರ್ ಬೇಕು. ಅವುಗಳ ಸರಾಸರಿ ನಿಗದಿತ ಬಲದ 85 ಶೇಕಡಾಕ್ಕೆ ಕಡಿಮೆಯಿರಬಾರದು, ಯಾವ ಒಂದು ಕೋರ್ ಕೂಡ 75 ಶೇಕಡಾಕ್ಕೆ ಕಡಿಮೆಯಾಗಬಾರದು. ಎಂ20ಗೆ ಅಂದರೆ ಸರಾಸರಿ 17, ಒಂದೊಂದಕ್ಕೆ 15. ಇಲ್ಲಿ ಬಂದದ್ದು 14.2, 15.8 ಮತ್ತು 13.9. ಸರಾಸರಿ 14.6. ಎರಡು ಲೆಕ್ಕದಲ್ಲೂ ಅನುತ್ತೀರ್ಣ. ಮೊದಲ ದಿನ ಹಾಕಿದ ಭಾಗವನ್ನೂ ಪರೀಕ್ಷಿಸಿದರು, ಅದು ಸರಿಯಿತ್ತು. ಇದನ್ನೂ ವರದಿಯಲ್ಲಿ ಬರೆಸಿದ್ದು ಒಳ್ಳೆಯದಾಯಿತು. ಸರಿಯಿದ್ದುದನ್ನು ಸರಿ ಎಂದ ವರದಿಯನ್ನು ನ್ಯಾಯಾಲಯ ನಂಬುತ್ತದೆ.

ಸುತ್ತಿಗೆಯಂತೆ ತಟ್ಟಿ ಅಂಕಿ ತೋರಿಸುವ ರಿಬೌಂಡ್ ಹ್ಯಾಮರ್ ಪರೀಕ್ಷೆ ಅಗ್ಗ. ಎಲ್ಲಿ ಕೆಟ್ಟಿರಬಹುದು ಎಂದು ಹುಡುಕಲು ಅದು ಸಾಕು. ಆದರೆ ಅದು ಮೇಲ್ಮೈಯ ಗಡಸುತನ ತೋರಿಸುವಂಥದು, ಅದೊಂದನ್ನೇ ಹಿಡಿದು ತಾರಸಿ ಒಡೆಸಬೇಡಿ. ಕೋರ್ ಎಲ್ಲಿ ತೆಗೆಯಬೇಕೆಂಬುದನ್ನು ಎಂಜಿನಿಯರ್ ಗುರುತು ಹಾಕಬೇಕು. ಕಬ್ಬಿಣ ಕಡಿದುಹೋದರೆ ಆ ಹಾನಿ ನಿಮ್ಮ ತಲೆಗೇ ಬರುತ್ತದೆ.

ವರದಿ "ಕೆಲಸ ಕಳಪೆಯಾಗಿದೆ" ಎಂದರೆ ಉಪಯೋಗವಿಲ್ಲ. ಕರಾರಿನ ಯಾವ ಅಂಶ, ಎಲ್ಲಿ, ಎಷ್ಟು ಬೇಕಿತ್ತು, ಎಷ್ಟಿದೆ, ಸರಿಪಡಿಸುವುದು ಹೇಗೆ, ಎಷ್ಟು ಖರ್ಚು ಎಂದಿರಬೇಕು. ಒಡೆಯುವುದೇ ದಾರಿಯೆಂದಾದರೆ, ಒಡೆಯದೆ ಬಲಪಡಿಸುವುದು ಏಕೆ ಸಾಲದು ಎಂಬುದನ್ನೂ ಎಂಜಿನಿಯರ್ ಒಂದು ಸಾಲಿನಲ್ಲಿ ಹೇಳಬೇಕು. ಈ ಒಂದು ಸಾಲು ಇಲ್ಲದೆ ಅರ್ಧ ಹಣ ಕಳೆದುಕೊಂಡವರಿರಬಹುದು. ಕಡಿಮೆ ಖರ್ಚಿನಲ್ಲಿ ಆಗುತ್ತಿದ್ದ ದುರಸ್ತಿಗೆ ಹೆಚ್ಚು ಕೇಳಿದರೆ ಹೆಚ್ಚಿನದು ಸಿಗುವುದಿಲ್ಲ.

ಸರಿಪಡಿಸಲು ಕರೆಯುವ ನೋಟಿಸು

ಸಿಟ್ಟಿನಲ್ಲಿರುವ ಮನೆಯವರಿಗೆ ಇದು ಕಹಿ. "ಅವರ ಕೈಗೆ ಮತ್ತೆ ಕರಣೆ ಕೊಡುವುದೇ?" ಎಂದು ಕೇಳುತ್ತಾರೆ. ಆದರೂ ಅವಕಾಶ ಕೊಟ್ಟೆ ಎಂದು ತೋರಿಸಲೇಬೇಕು, ಎರಡು ಕಾರಣಕ್ಕೆ. ಒಂದು, ತೋರಿಸಿದ ಮೇಲೂ ಸರಿಮಾಡಲಿಲ್ಲ ಎಂಬುದೇ ಗುತ್ತಿಗೆ ಬಿಡಿಸಲು ನಿಮಗಿರುವ ಗಟ್ಟಿ ನೆಲೆ. ಎರಡು, 73ನೇ ಕಲಮಿನ ವಿವರಣೆಯಂತೆ ನಷ್ಟವನ್ನು ಅಂದಾಜು ಮಾಡುವಾಗ ಅದನ್ನು ನಿವಾರಿಸಲು ಯಾವ ದಾರಿ ಇತ್ತು ಎಂಬುದನ್ನೂ ನೋಡಬೇಕು. ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಲು ಸಿದ್ಧರಿದ್ದು ನೀವು ಬಿಡದಿದ್ದರೆ, ಹೊರಗಿನವರಿಗೆ ಕೊಟ್ಟ ಪೂರ್ತಿ ಬಿಲ್ಲನ್ನು ಅವರ ಮೇಲೆ ಹೊರಿಸುವುದು ಕಷ್ಟ.

ನೋಟಿಸಿನಲ್ಲಿ ದೋಷಗಳ ಪಟ್ಟಿ, ವರದಿಯ ಪ್ರತಿ, ಮಾಡಬೇಕಾದ ಕೆಲಸ, ಕೊನೆಯ ದಿನಾಂಕ ಇರಬೇಕು. ಗಡುವು ಕೆಲಸಕ್ಕೆ ತಕ್ಕಂತೆ ಇರಲಿ. 500 ಚದರ ಅಡಿ ತಾರಸಿ ಒಡೆದು ಹಾಕಲು ಮೂರು ದಿನ ಕೊಟ್ಟರೆ ಅದು ಅವಕಾಶವಲ್ಲ. ಏಳು ದಿನದಲ್ಲಿ ದುರಸ್ತಿಯ ಯೋಜನೆ ಬರೆದುಕೊಡಬೇಕು, 15 ದಿನದೊಳಗೆ ಕೆಲಸ ಆರಂಭಿಸಬೇಕು, ಇಷ್ಟರೊಳಗೆ ಮುಗಿಸಬೇಕು ಎಂದು ಮೂರಾಗಿ ಬಿಡಿಸಿ ಬರೆಯುವುದು ಲೇಸು. ಯೋಜನೆಯೇ ಬರದಿದ್ದರೆ ಮುಂದಿನದಕ್ಕೆ ಕಾಯದೆ ಹೆಜ್ಜೆ ಇಡಬಹುದು. ಒಕ್ಕಣೆ ಹೀಗಿರಬಹುದು:

"ನಮ್ಮ ನಡುವಿನ ಇಂಥ ದಿನಾಂಕದ ಕರಾರಿನಂತೆ ತಾರಸಿ 5 ಅಂಗುಲ ದಪ್ಪ, ಎಂ20 ದರ್ಜೆಯದ್ದಾಗಿರಬೇಕಿತ್ತು. ಲಗತ್ತಿಸಿರುವ ವರದಿಯಂತೆ ಹಾಲ್ ಮತ್ತು ಜಗಲಿಯ ಭಾಗ ಹಾಗಿಲ್ಲ. ಈ ಪತ್ರ ತಲುಪಿದ 7 ದಿನದೊಳಗೆ ಸರಿಪಡಿಸುವ ಯೋಜನೆಯನ್ನು ಬರೆದು ಕೊಡಿ, 15 ದಿನದೊಳಗೆ ನಿಮ್ಮ ಖರ್ಚಿನಲ್ಲಿ ಕೆಲಸ ಆರಂಭಿಸಿ. ತಪ್ಪಿದಲ್ಲಿ ಗುತ್ತಿಗೆಯನ್ನು ಕೊನೆಗೊಳಿಸಿ, ಬೇರೆಯವರಿಂದ ಸರಿಪಡಿಸಿ, ಆ ಖರ್ಚು ಮತ್ತು ಇತರ ನಷ್ಟವನ್ನು ನಿಮ್ಮಿಂದ ಪಡೆಯುತ್ತೇನೆ. ಈವರೆಗೆ ಕೊಟ್ಟ ಹಣವನ್ನು ಕೆಲಸ ಒಪ್ಪಿಕೊಂಡದ್ದೆಂದು ತಿಳಿಯಬಾರದು."

ಕೊನೆಯ ವಾಕ್ಯವನ್ನು ಬಿಡಬೇಡಿ. ಕಂತು ಕೊಟ್ಟಿದ್ದೇ ಒಪ್ಪಿಗೆ ಎಂಬ ವಾದ ಯಾವಾಗಲೂ ಬರುತ್ತದೆ.

ನೋಟಿಸು ಗುತ್ತಿಗೆದಾರರು ಓದಬಲ್ಲ ಭಾಷೆಯಲ್ಲಿರಲಿ. ಕರಾರು ತಮಿಳಿನಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಅದೇ ಭಾಷೆಯಲ್ಲಿ ಬರೆಸಿ, ಕನ್ನಡದ ಪ್ರತಿಯನ್ನು ಜೊತೆಗಿಡಿ. ಕರಾರಿನಲ್ಲಿರುವ ವಿಳಾಸಕ್ಕೆ ಬಟವಾಡೆಯ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ, ವಾಟ್ಸಾಪ್‌ನಲ್ಲೂ ಹಾಕಿ. ತೆಗೆದುಕೊಳ್ಳದೆ ಲಕೋಟೆ ಹಿಂದಿರುಗಿದರೆ ಒಡೆಯದೆ ಹಾಗೇ ಇಟ್ಟುಕೊಳ್ಳಿ. ಅಂಚೆಯವರ ಷರಾ ಇರುವ ಆ ಮುಚ್ಚಿದ ಲಕೋಟೆಯೇ ದಾಖಲೆ.

ನೋಟಿಸಿನ ಗಡುವು ಮುಗಿದ ಮೇಲೆ ಸುಮ್ಮನಿದ್ದು, ಗುತ್ತಿಗೆದಾರರು ಬಂದು ಮುಂದಿನ ಗೋಡೆ ಎಬ್ಬಿಸಿದರೂ ಬಿಟ್ಟು, ಇನ್ನೊಂದು ಕಂತು ಕೊಟ್ಟರೆ ಆ ನೋಟಿಸು ಸತ್ತಂತೆ. ಒಂದು ವೇಳೆ ಮನಸ್ಸು ಬದಲಾಯಿಸಿ ಅವಕಾಶ ಕೊಟ್ಟಿದ್ದರೆ, ಮತ್ತೆ ತಪ್ಪಿದಾಗ ಹೊಸ ನೋಟಿಸಿನಿಂದ ಆರಂಭಿಸಿ. ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗಲೂ ಹೀಗೆ ಎಚ್ಚರ ಬೇಕು. ವಾಯಿದೆಯೇ ಮುಖ್ಯವಾದ ಕರಾರಿನಲ್ಲಿ, ತಡದ ನಷ್ಟ ಕೇಳುತ್ತೇನೆ ಎಂದು ಒಪ್ಪಿಕೊಳ್ಳುವ ಹೊತ್ತಿಗೇ ತಿಳಿಸಬೇಕೆಂದು 55ನೇ ಕಲಮು ಹೇಳುತ್ತದೆ.

ಕೊನೆಗೊಳಿಸುವ ಪತ್ರದ ಮಾತುಗಳು

ಹೊಸೂರಿನ ಉದಾಹರಣೆಯಲ್ಲಿ ಗುತ್ತಿಗೆದಾರರು ಯೋಜನೆ ಕೊಡಲಿಲ್ಲ. "ಮೇಲೆ ಗಾರೆ ಹಾಕಿದರೆ ಸಾಕು, ಉಳಿದ ಕಂತು ಕೊಡಿ" ಎಂದು ಸಂದೇಶ ಕಳಿಸಿದರು. ಅದು ಸರಿಪಡಿಸಲು ನಿರಾಕರಿಸಿದ ಲಿಖಿತ ದಾಖಲೆಯೇ ಆಯಿತು. 16ನೇ ದಿನ ಪತ್ರ ಹೋಯಿತು.

ಈ ಪತ್ರದಲ್ಲಿ ಒಂದು ಪದದ ಎಡವಟ್ಟು ಬಹಳ ಸಾಮಾನ್ಯ. "ಕರಾರನ್ನು ರದ್ದು ಮಾಡಿದ್ದೇನೆ" ಎಂದಷ್ಟೇ ಬರೆದು ನಿಲ್ಲಿಸಬೇಡಿ. ಕರಾರೇ ಇರಲಿಲ್ಲವೆಂಬಂತೆ ಎರಡೂ ಕಡೆಯವರು ಪಡೆದದ್ದನ್ನು ಹಿಂದಿರುಗಿಸಿಕೊಳ್ಳಬೇಕೆಂಬ ವಾದಕ್ಕೆ ಅದು ಬಾಗಿಲು ತೆರೆಯುತ್ತದೆ. "ನೀವು ಕರಾರು ಉಲ್ಲಂಘಿಸಿ, ಇಂಥ ದಿನದ ನೋಟಿಸಿನಂತೆ ಸರಿಪಡಿಸದ ಕಾರಣ, ಮುಂದಿನ ಕೆಲಸದ ಮಟ್ಟಿಗೆ ನಿಮ್ಮ ಗುತ್ತಿಗೆಯನ್ನು ಇಂದಿನಿಂದ ಕೊನೆಗೊಳಿಸಿದ್ದೇನೆ. ಈವರೆಗೆ ಮಾಡಿದ ಕೆಲಸದ ದೋಷಗಳಿಗೆ ನಿಮ್ಮ ಹೊಣೆ ಮುಂದುವರಿಯುತ್ತದೆ. ದುರಸ್ತಿ ಖರ್ಚು, ಉಳಿದ ಕೆಲಸ ಮುಗಿಸಲು ಆಗುವ ಹೆಚ್ಚಿನ ಖರ್ಚು ಮತ್ತು ಇತರ ನಷ್ಟವನ್ನು ಕೇಳುವ ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ" ಎಂದು ಬರೆಯಿರಿ. ಇನ್ನೂ ಕಾಣದ ದೋಷಗಳೂ ಇದರಲ್ಲಿ ಸೇರಿವೆ ಎಂಬ ಒಂದು ವಾಕ್ಯ ಸೇರಿಸಿ. ನೀರು ಸೋರುವುದು ಮೊದಲ ಮಳೆಗಾಲದಲ್ಲಿಯೇ ತಿಳಿಯುವುದು.

ಅದೇ ಪತ್ರದಲ್ಲಿ ಜಂಟಿ ಅಳತೆಗೆ ದಿನ ಗೊತ್ತುಮಾಡಿ. ಕನ್ನಡದಲ್ಲಿ ಮಹಜರು, ಮಹಾರಾಷ್ಟ್ರದ ಕಡೆ ಪಂಚನಾಮೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಎಷ್ಟು ಕೆಲಸ ಮುಗಿದಿದೆ, ಎಷ್ಟು ಅರ್ಧವಾಗಿದೆ, ಸೈಟಿನಲ್ಲಿ ಅವರ ಸೆಂಟ್ರಿಂಗ್ ಹಲಗೆ, ಜಾಕಿ, ಮಿಕ್ಸರ್, ಉಳಿದ ಸಿಮೆಂಟ್ ಚೀಲ ಎಷ್ಟಿವೆ ಎಂದು ಬರೆದು, ಇಬ್ಬರೂ ಮತ್ತು ಇಬ್ಬರು ಸಾಕ್ಷಿಗಳು ಸಹಿ ಹಾಕಲಿ. ಅವರು ಬಾರದಿದ್ದರೆ ಎಂಜಿನಿಯರ್ ಮತ್ತು ಸಾಕ್ಷಿಗಳ ಎದುರು ಮಾಡಿ ಪ್ರತಿ ಕಳಿಸಿ. ಅವರ ಸಾಮಾನನ್ನು ಒತ್ತೆಯಿಟ್ಟುಕೊಳ್ಳಬೇಡಿ, ಸಹಿ ಪಡೆದು ಕೊಟ್ಟುಬಿಡಿ. ಹಣದ ವ್ಯಾಜ್ಯದ ಜೊತೆಗೆ ಪೊಲೀಸ್ ಠಾಣೆಯ ಇನ್ನೊಂದು ದೂರು ನಿಮಗೆ ಬೇಡ.

ರಾಜಿ ಚೀಟಿಯ ಅಪಾಯ

ಪತ್ರ ಹೋದ ಮೇಲೆ ಊರಿನ ಹಿರಿಯರು, ಇಬ್ಬರಿಗೂ ಬೇಕಾದವರು, ಮಧ್ಯೆ ಬರುತ್ತಾರೆ. ಬರಲಿ, ಮಾತಿನಲ್ಲಿ ಮುಗಿದರೆ ಒಳ್ಳೆಯದೇ. ಆದರೆ ಇಂಥ ಕೂಟದಲ್ಲಿ ಹುಟ್ಟುವ ಚೀಟಿಯನ್ನು ಸಹಿ ಹಾಕುವ ಮುನ್ನ ನಿಧಾನವಾಗಿ ಓದಿ. "ಇಬ್ಬರೂ ಪರಸ್ಪರ ಒಪ್ಪಿ ಕರಾರು ಮುಗಿಸಿಕೊಂಡಿದ್ದೇವೆ, ಲೆಕ್ಕ ಚುಕ್ತಾ, ಮುಂದೆ ಯಾವ ತಕರಾರೂ ಇಲ್ಲ" ಎಂದು ಯಾರೋ ಸದುದ್ದೇಶದಿಂದಲೇ ಬರೆದಿರುತ್ತಾರೆ. ಇಬ್ಬರೂ ಒಪ್ಪಿ ಕರಾರು ಮುಗಿಸಿದರೆ ಮೂಲ ಕರಾರನ್ನು ನಡೆಸಬೇಕಾಗಿಲ್ಲವೆಂದು 62ನೇ ಕಲಮಿನಲ್ಲಿದೆ. ಬರಬೇಕಾದ್ದನ್ನು ಬಿಟ್ಟುಕೊಡುವ ಸ್ವಾತಂತ್ರ್ಯ 63ನೇ ಕಲಮಿನಲ್ಲಿದೆ. ಆ ಎರಡು ಸಾಲಿನಿಂದ ನಾಲ್ಕೈದು ಲಕ್ಷದ ಹಕ್ಕು ಹೋಗಬಹುದು.

ಹಣ ಪಡೆದು ನಿಜವಾಗಿ ರಾಜಿಯಾಗುತ್ತಿದ್ದರೆ ಮೊತ್ತ, ಕೊಡುವ ದಿನ, ಹಣ ಕೈಸೇರಿದ ಮೇಲೆಯೇ ಹಕ್ಕು ಮುಗಿಯುತ್ತದೆ ಎಂಬ ಷರತ್ತು, ಕಾಣದ ದೋಷಗಳನ್ನು ಹೊರಗಿಟ್ಟ ಮಾತು, ಇವಿಷ್ಟು ಇರಲಿ. ಗುತ್ತಿಗೆದಾರರು ಬರೀ ಸಾಮಾನು ಒಯ್ಯಲು ಬಂದಾಗ ಕೊಡುವ ರಸೀದಿಯಲ್ಲಿ ಸಾಮಾನಿನ ಮಾತು ಮಾತ್ರ ಇರಲಿ.

ದುರಸ್ತಿ ಮತ್ತು ಲೆಕ್ಕ

ವರದಿ, ಮಹಜರು, ಫೋಟೋ ಎಲ್ಲ ಕೈಯಲ್ಲಿದ್ದು, ಯಾವ ದಿನ ಒಡೆಯಲು ಆರಂಭಿಸುತ್ತೀರಿ ಎಂದು ಗುತ್ತಿಗೆದಾರರಿಗೆ ತಿಳಿಸಿದ ಮೇಲೆ ಒಡೆಸಿ. ಮೊದಲೇ ಮೊಕದ್ದಮೆ ಹೂಡಿದ್ದರೆ ಸ್ಥಳ ಪರಿಶೀಲನೆಗೆ ಕಮಿಷನರನ್ನು ನೇಮಿಸಲು ಸಿವಿಲ್ ನ್ಯಾಯಾಲಯವನ್ನು ಕೇಳಬಹುದು. ಅವರ ಭೇಟಿ ಆಗುವವರೆಗೆ ಒಡೆಯದಿರುವುದು ಲೇಸು. ಕನಿಷ್ಠ ಎರಡು ಮೂರು ಕಡೆಯಿಂದ ದರಪಟ್ಟಿ ತರಿಸಿ, ಹಣವನ್ನು ಬ್ಯಾಂಕಿನ ಮೂಲಕ ಕೊಡಿ, ದುರಸ್ತಿ ಮತ್ತು ಉಳಿದ ಕೆಲಸಕ್ಕೆ ಬೇರೆ ಬೇರೆ ಬಿಲ್ಲು ಮಾಡಿಸಿ. ಎರಡನ್ನೂ ಬೆರೆಸಿದ ಒಂದೇ ಬಿಲ್ಲಿನಿಂದ ದುರಸ್ತಿಯ ಪಾಲು ತೆಗೆಯುವುದು ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ತಾರಸಿಯ ಭಾಗ ಮತ್ತು ತೊಲೆಗಳನ್ನು ಒಡೆದು ಹಾಕಲು 2,60,000, ಗೋಡೆಗೆ 80,000, ಒಟ್ಟು ದುರಸ್ತಿ 3,40,000 ಆಯಿತು. ಉಳಿದ ಕೆಲಸಕ್ಕೆ ಹೊಸ ಗುತ್ತಿಗೆದಾರರ ಬಿಲ್ಲು 14,80,000. ಅದರಲ್ಲಿ 60,000 ಮೂಲ ಕರಾರಿನಲ್ಲಿ ಇಲ್ಲದ ಗ್ರಾನೈಟಿಗಾಗಿ. ಮನೆಯವರಿಗೆ ಹಾಲಿಗೆ ಗ್ರಾನೈಟ್ ಇರಲಿ ಎಂದು ಈ ಗಲಾಟೆಯ ನಡುವೆ ಅನ್ನಿಸಿತಂತೆ. ಅದು ಅವರ ಖರ್ಚು, ತೆಗೆದರೆ 14,20,000.

ಈಗ ಲೆಕ್ಕ. ಮೊದಲ ಕರಾರಿನಲ್ಲಿ 17,00,000 ಕೊಟ್ಟಾಗಿತ್ತು, ಇನ್ನು 13,00,000 ಕೊಟ್ಟಿದ್ದರೆ ಮನೆ ಮುಗಿಯಬೇಕಿತ್ತು. ಈಗ ಮುಗಿಸಲು 3,40,000 ಮತ್ತು 14,20,000 ಸೇರಿ 17,60,000 ಬೇಕಾಯಿತು. ವ್ಯತ್ಯಾಸ 4,60,000. ಇದೇ ಮುಖ್ಯ ನಷ್ಟ. ದುರಸ್ತಿಯ 3,40,000ನ್ನು ಇದರ ಮೇಲೆ ಮತ್ತೊಮ್ಮೆ ಸೇರಿಸುವಂತಿಲ್ಲ, ಅದು ಆಗಲೇ ಒಳಗಿದೆ. ಕೆಟ್ಟ ತಾರಸಿಗೆ ಕೊಟ್ಟ ಕಂತನ್ನು ವಾಪಸು ಕೇಳುವುದೂ ಎರಡು ಸಲ ಎಣಿಸಿದಂತೆ. ಭದ್ರತೆಗೆಂದು ಬಿಲ್ಲುಗಳಲ್ಲಿ ಹಿಡಿದಿಟ್ಟ ಹಣವಿದ್ದರೆ ಅದು ಕೊಡದ 13,00,000ದ ಒಳಗೇ ಇದೆ, ಬೇರೆಯಾಗಿ ಕಳೆಯಬೇಕಾಗಿಲ್ಲ. ಇದಕ್ಕೆ ಪರೀಕ್ಷೆಯ ಖರ್ಚು 28,000, ಮನೆ ತಡವಾದ ನಾಲ್ಕು ತಿಂಗಳ ಬಾಡಿಗೆ ತಿಂಗಳಿಗೆ 9,000ದಂತೆ 36,000 ಸೇರಿಸಿದರೆ ಒಟ್ಟು ಬೇಡಿಕೆ 5,24,000.

ಇದಕ್ಕೆ ಕಾಯ್ದೆಯಲ್ಲೇ ನೆಲೆಯಿದೆ. 73ನೇ ಕಲಮಿನ ಕೆಳಗಿನ ದೃಷ್ಟಾಂತಗಳಲ್ಲಿ ಒಂದು, ಮುಂಗಡ ಪಡೆದು ಮನೆ ರಿಪೇರಿಯನ್ನು ಕರಾರಿನಂತೆ ಮಾಡದವರ ಕುರಿತದ್ದು. ಕರಾರಿಗೆ ತಕ್ಕಂತೆ ಮಾಡಿಸುವ ಖರ್ಚನ್ನು ಮನೆಯವರು ಪಡೆಯಬಹುದು ಎನ್ನುತ್ತದೆ. ಇನ್ನೊಂದು, ಕೆಟ್ಟದಾಗಿ ಕಟ್ಟಿ ಬಿದ್ದುಹೋದ ಮನೆಯದು. ಅಲ್ಲಿ ಮತ್ತೆ ಕಟ್ಟಿಸಿದ ಖರ್ಚಿನ ಜೊತೆಗೆ ಕೈತಪ್ಪಿದ ಬಾಡಿಗೆಯೂ ಸಿಗುತ್ತದೆ, ಆದರೆ ಬಾಡಿಗೆಗೆ ಕೊಡುವ ವಿಷಯ ಕಟ್ಟುವವರಿಗೆ ಮೊದಲೇ ತಿಳಿದಿತ್ತು ಎಂದು ಆ ದೃಷ್ಟಾಂತದಲ್ಲೇ ಹೇಳಿದೆ. ಇಂಥ ದಿನ ಬಾಡಿಗೆ ಮನೆ ಬಿಡಬೇಕು ಎಂದು ಕರಾರಿನಲ್ಲೋ ಸಂದೇಶದಲ್ಲೋ ತಿಳಿಸಿದ್ದರೆ ಆ 36,000 ಗಟ್ಟಿಯಾಗುತ್ತದೆ.

ಎಲ್ಲಿ ಕೇಳುವುದು

ಸ್ವಂತ ವಾಸಕ್ಕೆ ಕಟ್ಟಿಸಿದ ಮನೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮನೆ ನಿರ್ಮಾಣವೂ ಸೇವೆಯೇ. ಗಡಿಯವರಿಗೆ ಅದರಲ್ಲಿ ಒಂದು ದೊಡ್ಡ ಅನುಕೂಲವಿದೆ: ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಹೊಸೂರಿನವರು ಕೃಷ್ಣಗಿರಿಯಲ್ಲಿ ಕೊಟ್ಟರೆ ಸಾಕು, ಆನೇಕಲ್ಲಿನ ಗುತ್ತಿಗೆದಾರರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. ಇಲ್ಲಿ ನೋಡುವುದು ನೀವು ಕೇಳುವ ಮೊತ್ತವನ್ನಲ್ಲ, ಸೇವೆಗೆ ಕೊಟ್ಟ ಹಣವನ್ನು. ನಮ್ಮ ಉದಾಹರಣೆಯ 17,00,000ಕ್ಕೆ ಶುಲ್ಕ 400 ರೂಪಾಯಿ. ಕರಾರಿನಲ್ಲಿ ಮಧ್ಯಸ್ಥಿಕೆಯ ಕಲಮಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಅಂಗಡಿ ಮಳಿಗೆ, ಬಾಡಿಗೆಗೆ ಕಟ್ಟಿಸಿದ ಸಂಕೀರ್ಣ ಮುಂತಾದ ವ್ಯಾಪಾರಿ ಕಟ್ಟಡವಾದರೆ ಸಾಮಾನ್ಯವಾಗಿ ಈ ದಾರಿ ಸಿಗದು. ಆಗ ಸಿವಿಲ್ ನ್ಯಾಯಾಲಯ, ಇಲ್ಲವೇ ಕರಾರಿನಂತೆ ಮಧ್ಯಸ್ಥರು.

ಗ್ರಾಹಕ ಆಯೋಗಕ್ಕೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷ, ಸಿವಿಲ್ ದಾವೆಗೆ ಕರಾರು ಉಲ್ಲಂಘನೆಯಿಂದ ಮೂರು ವರ್ಷ ಕಾಲಮಿತಿ. ಮಾತುಕತೆ ನಡೆಯುತ್ತಿದೆ ಎಂದು ಗಡಿಯಾರ ನಿಲ್ಲುವುದಿಲ್ಲ. "ಮುಂದಿನ ಯುಗಾದಿಗೆ ಕೊಡುತ್ತೇನೆ" ಎಂಬ ಬಾಯಿಮಾತನ್ನು ನಂಬಿ ಎರಡು ಯುಗಾದಿ ಕಳೆದರೆ ಆಯೋಗದ ಬಾಗಿಲಲ್ಲಿ ಮೊದಲು ಕೇಳುವುದು ತಡ ಏಕೆ ಎಂದೇ. ಎದುರಿನವರು ತಮಗೆ ಬರಬೇಕಾದ ಬಾಕಿಯೆಂದು ಪ್ರತಿ ಬೇಡಿಕೆ ಇಡುತ್ತಾರೆ ಎಂಬುದನ್ನೂ ಎದುರುನೋಡಿ. ಸಹಿ ಬಿದ್ದ ಮಹಜರು ಆಗ ಕೈಹಿಡಿಯುತ್ತದೆ. ಕರಾರು, ಪಾವತಿ ರಸೀದಿ, ನೋಟಿಸು, ಬಟವಾಡೆ ದಾಖಲೆ, ವರದಿ, ಮಹಜರು, ಬಿಲ್ಲು, ಈ ಕ್ರಮದಲ್ಲಿ ಒಂದು ಕಡತ ಮಾಡಿಟ್ಟುಕೊಂಡು ವಕೀಲರನ್ನು ಕಾಣಿ. ಸಾಧ್ಯವಾದರೆ ಎರಡನೇ ಪತ್ರ ಹೋಗುವ ಮೊದಲೇ ಕಾಣಿ. ಕರಾರಿನ ಪ್ರತಿ ಗುತ್ತಿಗೆದಾರರ ಬಳಿ ಮಾತ್ರ ಇರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥವರು ಜಗಳ ಹುಟ್ಟುವ ಮೊದಲೇ, ಈ ವಾರವೇ, ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ.